ಲಾರಿ ಬಾಡಿಗೆ ಬಿಲ್ಲು ಬರುವ ಮುಂಚೆ ಮಾರ್ಚ್ ಲೆಕ್ಕ ಮುಗಿಸುವುದು: ಕಲಬುರಗಿಯ ಒಂದು ದಾಲ್ ಮಿಲ್ಲಿನ ಖಾತೆಯಿಂದ

ತೊಗರಿ ಸೀಸನ್ನಿನಲ್ಲಿ ಕಲಬುರಗಿಯ ದಾಲ್ ಮಿಲ್ಲಿಗೆ ಮಾಲಿನ ನಂತರದ ದೊಡ್ಡ ಖರ್ಚುಗಳಲ್ಲಿ ಲಾರಿ ಬಾಡಿಗೆ ಒಂದು. ಬೇಳೆ ಗೇಟು ದಾಟಿದ ದಿನವೇ ಮಾರಾಟದ ಬಿಲ್ಲು ಆಗಿಬಿಡುತ್ತದೆ. ಟ್ರಾನ್ಸ್‌ಪೋರ್ಟಿನವರ ಬಿಲ್ಲು ಮಾತ್ರ ಹದಿನೈದು ದಿನಕ್ಕೊಮ್ಮೆ, ಅದರಲ್ಲೂ ಎರಡನೇ ಹದಿನೈದು ದಿನದ್ದು ಮುಂದಿನ ತಿಂಗಳ ಎರಡನೇ ವಾರದಲ್ಲಿ ಬರುತ್ತದೆ. "ಬಿಲ್ ಬಂದ್ ಮ್ಯಾಲ ಎಂಟ್ರಿ ಹಾಕೋಣ್ರಿ" ಅಂದರೆ ಮಾರ್ಚಿನ ಮಾರಾಟ ಮಾರ್ಚಿನಲ್ಲಿ, ಅದನ್ನು ಮುಟ್ಟಿಸಿದ ಬಾಡಿಗೆ ಏಪ್ರಿಲಿನಲ್ಲಿ ಕೂರುತ್ತದೆ. ಲಾಭ ಅಷ್ಟರ ಮಟ್ಟಿಗೆ ಸುಳ್ಳಾಗುತ್ತದೆ. ಆದ್ದರಿಂದ ಬಿಲ್ಲು ಬರದಿದ್ದರೂ ತಿಂಗಳ ಕೊನೆಯ ದಿನ ಪ್ರಾವಿಷನ್ ಎಂಟ್ರಿ ಹಾಕುತ್ತೇನೆ. ಮಾರ್ಚ್ ಎರಡನೇ ಹದಿನೈದು ದಿನದ ಒಂದು ಲೆಕ್ಕವನ್ನೇ ಹಿಡಿದು ಅದು ಹೇಗೆ ಅಂತ ಹೇಳುತ್ತೇನೆ. ದರ ಮತ್ತು ಮೊತ್ತಗಳು ಉದಾಹರಣೆಗಾಗಿ ಮಾತ್ರ.

ಮೊದಲು ಬೇಕಾದದ್ದು ಗೇಟ್ ರಿಜಿಸ್ಟರ್. ಬಿಲ್ಟಿಯ ಕಟ್ಟು ಆಮೇಲೆ. ಬಿಲ್ಟಿಯನ್ನು 31ಕ್ಕೆ ಬರೆದು ಲಾರಿ 1ರ ಬೆಳಿಗ್ಗೆ ಹೊರಡುವುದು ನಮ್ಮಲ್ಲಿ ಮಾಮೂಲು. ಗೇಟಿನಲ್ಲಿ ಬರೆದ ಹೊರಗೆ ಹೋದ ದಿನ ಮತ್ತು ವೇಳೆಯನ್ನೇ ನಂಬಬೇಕು. 16ರಿಂದ 31ರವರೆಗೆ ಒಂಬತ್ತು ಲಾರಿ ಬೆಂಗಳೂರಿಗೆ ಹೋಗಿವೆ ಅಂದುಕೊಳ್ಳಿ. ಒಂಬತ್ತಕ್ಕೂ ಬಿಲ್ಟಿ ತೆಗೆದು ನೋಡಿದಾಗ ಒಂದರ ಮೇಲೆ 'ಟು ಪೇ' ಅಂತಿದೆ, ಅಂದರೆ ಬಾಡಿಗೆ ಖರೀದಿದಾರರು ಅಲ್ಲೇ ಕೊಡುತ್ತಾರೆ. ಅದು ನಮ್ಮ ಖರ್ಚಲ್ಲ. ಉಳಿದದ್ದು ಎಂಟು.

ಇನ್ನು ತೂಕ. ಕಾಟಾ ಚೀಟಿಯ ಪ್ರಕಾರ ಏಳು ಲಾರಿಯಲ್ಲಿ ತಲಾ 20 ಟನ್, ಒಂದರಲ್ಲಿ 16 ಟನ್. ಕೂಡಿಸಿದರೆ 156 ಟನ್. ಇಲ್ಲಿ ಅವಸರ ಮಾಡಿದರೆ ಲೆಕ್ಕ ತಪ್ಪುತ್ತದೆ. ದರದ ಕರಾರಿನಲ್ಲಿ ಒಂದು ಲಾರಿಗೆ ಕನಿಷ್ಠ 18 ಟನ್ ಬಾಡಿಗೆ ಅಂತ ಇದ್ದರೆ, 16 ಟನ್ ಹೋದ ಲಾರಿಗೂ ಅವರು 18ಕ್ಕೇ ಬಿಲ್ಲು ಮಾಡುತ್ತಾರೆ. ಆಗ ಬಾಡಿಗೆ ಬೀಳುವ ತೂಕ 158 ಟನ್. ಟನ್ನಿಗೆ 2,100 ರೂಪಾಯಿಯಂತೆ 3,31,800. ಇದರ ಮೇಲೆ ಹಾಲ್ಟಿಂಗ್: 24ರಂದು ಮುಟ್ಟಿದ ಒಂದು ಲಾರಿ ಗೋದಾಮಿನ ಮುಂದೆ ಮೂರು ದಿನ ನಿಂತಿತ್ತು. ಕರಾರಿನಲ್ಲಿ ಮೊದಲ ದಿನ ಬಿಟ್ಟಿ, ಆಮೇಲೆ ದಿನಕ್ಕೆ 1,500. ಎರಡು ದಿನಕ್ಕೆ 3,000. ಒಟ್ಟು 3,34,800.

ಬೇಳೆಯ ಕೊರತೆಗೆ ಹಿಡಿಯುವ ಹಣವನ್ನು ಈ ಅಂದಾಜಿನಲ್ಲಿ ಕಳೆಯುವುದಿಲ್ಲ. ಮಾಲು ಮುಟ್ಟಿದ ಸಹಿ ಇರುವ ಬಿಲ್ಟಿ ಪ್ರತಿಯ ಮೇಲೆ ಕೊರತೆ ಬರೆದು, ಟ್ರಾನ್ಸ್‌ಪೋರ್ಟಿನವರು ಒಪ್ಪಿದ ಮೇಲೆ ಡೆಬಿಟ್ ನೋಟ್ ಹಾಕಿದರೆ ಸಾಕು.

31ರ ಸಂಜೆ ಹೊರಟ ಲಾರಿಯ ಬಗ್ಗೆ ಪ್ರತಿ ವರ್ಷ ಚರ್ಚೆ ಆಗುತ್ತದೆ. ಅದು ಬೆಂಗಳೂರು ಮುಟ್ಟುವುದು ಏಪ್ರಿಲಿನಲ್ಲಿ. ನಾನು ನೋಡುವುದು ಮಾರಾಟ ಯಾವ ತಿಂಗಳಲ್ಲಿ ಕೂತಿದೆ ಅನ್ನುವುದನ್ನು. ಮಿಲ್ಲಿನ ಗೇಟು ದಾಟಿದ ಮೇಲೆ ಮಾಲಿನ ಜೋಖಿಮ್ ಖರೀದಿದಾರರದ್ದು, ಬಾಡಿಗೆ ಮಾತ್ರ ನಮ್ಮದು ಅಂತ ಕರಾರಿದ್ದರೆ ಮಾರಾಟ ಮಾರ್ಚಿನದು, ಹಾಗಾಗಿ ಬಾಡಿಗೆಯೂ ಪೂರ್ತಿ ಮಾರ್ಚಿಗೇ. ಮಾಲು ಮುಟ್ಟಿದ ಮೇಲೇ ಮಾರಾಟ ಅಂತ ಕರಾರಿದ್ದರೆ ಬೇಳೆ ಇನ್ನೂ ನಮ್ಮ ಸ್ಟಾಕು. ಆಗ ಆ ಲಾರಿಯ ಬಾಡಿಗೆಯನ್ನು ಮಾರ್ಚಿನ ಮಾರಾಟದ ಖರ್ಚಿಗೆ ತಗುಲಿಸುವುದಿಲ್ಲ. ಇಲ್ಲಿನ ಕರಾರು ಮೊದಲ ಬಗೆಯದು, ಅದಕ್ಕೇ ಎಂಟೂ ಲಾರಿ ಲೆಕ್ಕದಲ್ಲಿವೆ.

ಈಗ ಅಡ್ವಾನ್ಸು. ಹೊರಡುವಾಗ ಡ್ರೈವರಿಗೆ ಡೀಸೆಲ್ಲಿಗೆ ಅಂತ 15,000 ಕೊಟ್ಟಿರುತ್ತಾರೆ. ಎಂಟು ಲಾರಿಗೆ 1,20,000. ಇದನ್ನು ಕಳೆದು 2,14,800ಕ್ಕೆ ಪ್ರಾವಿಷನ್ ಹಾಕುವವರಿದ್ದಾರೆ. ಖರ್ಚು ಪೂರ್ತಿ 3,34,800. ಅಡ್ವಾನ್ಸು ಅದರ ಪಾವತಿಯ ಭಾಗವಷ್ಟೆ, ಅದು 'ಲಾರಿ ಅಡ್ವಾನ್ಸ್' ಖಾತೆಯಲ್ಲಿ ಆಸ್ತಿಯಾಗಿ ನಿಂತಿರಬೇಕು. ಕ್ಯಾಶಿಯರ್ ಅದನ್ನು ಕೊಟ್ಟ ದಿನವೇ ನೇರವಾಗಿ ಸಾಗಣೆ ಖರ್ಚಿಗೆ ಹಾಕಿಬಿಟ್ಟಿದ್ದರೆ, ಮೊದಲು ಅಲ್ಲಿಂದ ಎತ್ತಿ ಅಡ್ವಾನ್ಸ್ ಖಾತೆಗೆ ತರಬೇಕು. ಇಲ್ಲವಾದರೆ 1,20,000 ಎರಡು ಸಲ ಖರ್ಚಾಗುತ್ತದೆ.

ಈ ಅಡ್ವಾನ್ಸ್ ಖಾತೆಯೇ ನನ್ನ ಮುಖ್ಯ ತಾಳೆ. ಬಿಲ್ಲಾದ ಟ್ರಿಪ್ಪಿನ ಅಡ್ವಾನ್ಸು ಬಿಲ್ಲಿಗೆ ಹೊಂದಿಕೊಂಡು ಹೋಗಿರುತ್ತದೆ. ಹಾಗಾಗಿ 31ಕ್ಕೆ ಖಾತೆಯಲ್ಲಿ ಉಳಿದ ಬಾಕಿಯನ್ನು 15,000ದಿಂದ ಭಾಗಿಸಿದರೆ ಬಿಲ್ಲಾಗದ ಟ್ರಿಪ್ಪುಗಳ ಸಂಖ್ಯೆ ಬರಬೇಕು. 1,20,000 ಇದ್ದರೆ ಎಂಟು, ಸರಿ. 1,35,000 ಇದ್ದರೆ ಒಂದು ಟ್ರಿಪ್ಪು ಲೆಕ್ಕದಿಂದ ಬಿಟ್ಟಿದೆ, ಇಲ್ಲವೆ 'ಟು ಪೇ' ಲಾರಿಗೆ ನಮ್ಮ ದುಡ್ಡಿನಲ್ಲಿ ಅಡ್ವಾನ್ಸು ಹೋಗಿದೆ. 1,05,000 ಇದ್ದರೆ ಅಡ್ವಾನ್ಸಿಲ್ಲದೆ ಹೋದ ಲಾರಿ ಯಾವುದು ಅಂತ ಹುಡುಕಬೇಕು, ಅಥವಾ ಒಂದು ಟ್ರಿಪ್ಪು ಮೊದಲ ಹದಿನೈದು ದಿನದ ಬಿಲ್ಲಿನಲ್ಲೇ ಸೇರಿಹೋಗಿದೆ. ಈ ಕೊನೆಯದು ಹೆಚ್ಚು ಅಪಾಯ, ಏಕೆಂದರೆ ಬಿಲ್ಲಾದ ಟ್ರಿಪ್ಪಿಗೇ ಮತ್ತೆ ಪ್ರಾವಿಷನ್ ಬೀಳುತ್ತದೆ.

ಎಂಟ್ರಿ ಸರಳ. ಟ್ಯಾಲಿಯಲ್ಲಿ F7 ಒತ್ತಿ Journal ವೋಚರ್, 31ರ ದಿನಾಂಕಕ್ಕೆ:

```
ಸಾಗಣೆ ಖರ್ಚು (ಹೊರಗೆ)        ಡೆಬಿಟ್    3,34,800
   ಬಾಡಿಗೆ ಪ್ರಾವಿಷನ್           ಕ್ರೆಡಿಟ್   3,34,800
```

ಕ್ರೆಡಿಟ್ಟನ್ನು ಟ್ರಾನ್ಸ್‌ಪೋರ್ಟಿನವರ ಸ್ವಂತ ಖಾತೆಗೆ ಹಾಕುವುದಿಲ್ಲ. ಹಾಕಿದರೆ ಅವರು ಕಳಿಸುವ ಸ್ಟೇಟ್‌ಮೆಂಟಿಗೂ ನಮ್ಮ ಖಾತೆಗೂ ತಾಳೆ ಬೀಳುವುದಿಲ್ಲ. ಬಿಲ್ಲೇ ಇಲ್ಲದ ಬಾಕಿಯನ್ನು ನೋಡಿ ಪೇಮೆಂಟ್ ಮಾಡುವವರು ಚೆಕ್ ಬರೆದುಬಿಡುವ ಸಾಧ್ಯತೆಯೂ ಇದೆ. ಬಿಲ್ಟಿ ನಂಬರು, ಟನ್, ದರ, ಹಾಲ್ಟಿಂಗ್ ಇವಿಷ್ಟನ್ನೂ ನರೇಷನ್ನಿನಲ್ಲಿ ಬರೆಯುತ್ತೇನೆ. 'ಮಾರ್ಚ್ ಬಾಡಿಗೆ ಅಂದಾಜು' ಅಂತಷ್ಟೇ ಬರೆದರೆ ಆಡಿಟರ್ ಬಂದಾಗ ಮತ್ತೆ ಎಲ್ಲಾ ಕಟ್ಟು ಬಿಚ್ಚಬೇಕಾಗುತ್ತದೆ.

ಟ್ಯಾಲಿಯಲ್ಲಿ Reversing Journal ಅನ್ನುವ ವೋಚರ್ ಇದೆ. ಹೆಸರು ನೋಡಿ, ಇದನ್ನು ಹಾಕಿದರೆ 1ನೇ ತಾರೀಖಿಗೆ ತಾನೇ ತಿರುಗುತ್ತದೆ ಅಂತ ನಂಬುವವರು ಬಹಳ. ಅದು ಹಾಗಲ್ಲ. ಆ ವೋಚರ್ ಖಾತೆಗಳಿಗೆ ಇಳಿಯುವುದೇ ಇಲ್ಲ. ಸಿನಾರಿಯೋ ಆಯ್ದು ವರದಿ ನೋಡಿದಾಗ ಮಾತ್ರ, Applicable upto ದಿನಾಂಕದವರೆಗೆ ಕಾಣುತ್ತದೆ. ತಿಂಗಳ ಮಧ್ಯೆ ಮಾಲೀಕರಿಗೆ ಅಂದಾಜು ಲಾಭ ತೋರಿಸಲು ಅದು ಚೆನ್ನ. ಮಾರ್ಚ್ ಬ್ಯಾಲೆನ್ಸ್ ಶೀಟಿಗೆ ಅದನ್ನು ನಂಬಿದರೆ ಪ್ರಾವಿಷನ್ ಎಲ್ಲೂ ಇರುವುದಿಲ್ಲ. ಆದ್ದರಿಂದ ಏಪ್ರಿಲ್ 1ಕ್ಕೆ ಇನ್ನೊಂದು ಸಾಮಾನ್ಯ Journal ಕೈಯಾರೆ ಹಾಕುತ್ತೇನೆ: ಪ್ರಾವಿಷನ್ ಡೆಬಿಟ್, ಸಾಗಣೆ ಖರ್ಚು ಕ್ರೆಡಿಟ್, ಅದೇ 3,34,800.

ಹೀಗೆ ಮಾಡಿದಾಗ ಏಪ್ರಿಲ್ ಮೊದಲ ವಾರ ಸಾಗಣೆ ಖರ್ಚು ಮೈನಸ್ಸಿನಲ್ಲಿ ಕಾಣುತ್ತದೆ. ಗಾಬರಿ ಬೇಡ, ಅದು ಬಿಲ್ಲಿಗಾಗಿ ಬಿಟ್ಟ ಜಾಗ. ಬಿಲ್ಲು ಎಂಟ್ರಿ ಮಾಡುವ ಹುಡುಗನಿಗೆ ಪ್ರಾವಿಷನ್ ಇತ್ತು ಅಂತ ಗೊತ್ತಿರಬೇಕಾಗಿಯೇ ಇಲ್ಲ. ಬಂದ ಬಿಲ್ಲನ್ನು ಎಂದಿನಂತೆ ಖರ್ಚಿಗೆ ಹಾಕಿ, ಟ್ರಾನ್ಸ್‌ಪೋರ್ಟಿನವರಿಗೆ ಕ್ರೆಡಿಟ್ ಕೊಡುತ್ತಾನೆ. ತಿರುಗಿಸದೆ, ಬಿಲ್ಲನ್ನು ನೇರ ಪ್ರಾವಿಷನ್ ಖಾತೆಗೆ ಹಾಕುವ ಪದ್ಧತಿಯೂ ಇದೆ. ಆದರೆ ಎಂಟ್ರಿ ಮಾಡುವವರು ಮರೆತು ಖರ್ಚಿಗೇ ಹಾಕಿದರೆ ಅದೇ ಬಾಡಿಗೆ ಮಾರ್ಚಿನಲ್ಲೂ ಏಪ್ರಿಲಿನಲ್ಲೂ ಬೀಳುತ್ತದೆ, ಪ್ರಾವಿಷನ್ ಖಾತೆಯಲ್ಲಿ ಹಳೆಯ ಬಾಕಿ ಹಾಗೇ ಉಳಿಯುತ್ತದೆ. ಏಪ್ರಿಲ್ 30ಕ್ಕೆ ಆ ಖಾತೆ ತೆರೆದಾಗ ಏಪ್ರಿಲಿನ ಪ್ರಾವಿಷನ್ ಬಿಟ್ಟು ಬೇರೇನಾದರೂ ಕಂಡರೆ ಅಲ್ಲೇ ಇದೆ ಗಂಟು.

ಬೇಳೆ ಸಾಗಣೆಯ ಬಾಡಿಗೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಇಲ್ಲಿ ಆ ತಲೆನೋವಿಲ್ಲ. ಯಂತ್ರ ರಿಪೇರಿಯಂಥ ಬಿಲ್ಲಿನಲ್ಲಿ ಇದೆ. 40,000ದ ಕೆಲಸಕ್ಕೆ ಶೇ. 18ರಂತೆ ತೆರಿಗೆ 7,200. ಇನ್‌ವಾಯ್ಸ್ ಕೈಗೆ ಬಂದು GSTR-2Bಯಲ್ಲಿ ಕಾಣುವವರೆಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಆದ್ದರಿಂದ ಪ್ರಾವಿಷನ್ನಿನಲ್ಲಿ ತೆರಿಗೆ ಸೇರಿಸದೆ 40,000 ಮಾತ್ರ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಕ್ರೆಡಿಟ್ ಸಿಗುವವರಿಗೆ ಅದು ಸರಿ. ಬರೀ ಲೂಸ್ ಬೇಳೆ ಮಾರುವ ಮಿಲ್ಲಿಗೆ ಆ ಕ್ರೆಡಿಟ್ ಎಂದೂ ಸಿಗುವುದಿಲ್ಲ, ಏಕೆಂದರೆ ಮಾಲಿಗೇ ತೆರಿಗೆ ಇಲ್ಲ. ಅಂಥಲ್ಲಿ 7,200 ಕೂಡ ಖರ್ಚೇ, ಪ್ರಾವಿಷನ್ 47,200. ಲೇಬಲ್ ಹಚ್ಚಿದ ಪ್ಯಾಕೆಟ್ಟನ್ನೂ ಮಾರುತ್ತಿದ್ದರೆ ಕ್ರೆಡಿಟ್ ಸಿಗದ ಪಾಲಿನಷ್ಟು ತೆರಿಗೆ ಸೇರಿಸಬೇಕು.

ಟಿಡಿಎಸ್ ವಿಷಯದಲ್ಲಿ 'ಬಿಲ್ಲು ಬಂದಿಲ್ಲ, ಹಾಗಾಗಿ ಕಡಿತ ಇಲ್ಲ' ಅನ್ನುವುದು ನಡೆಯುವುದಿಲ್ಲ. ಹಣ ಕೊಟ್ಟಾಗ ಅಥವಾ ಖಾತೆಗೆ ಕ್ರೆಡಿಟ್ ಮಾಡಿದಾಗ, ಯಾವುದು ಮೊದಲೋ ಆಗ ಕಡಿತ. ಆ ಕ್ರೆಡಿಟ್ ಸಸ್ಪೆನ್ಸ್ ಅನ್ನುವ ಹೆಸರಿನ ಖಾತೆಯಲ್ಲಿದ್ದರೂ ಅಷ್ಟೇ. ವರ್ಷದಲ್ಲಿ ಯಾವಾಗಲೂ ಹತ್ತಕ್ಕಿಂತ ಹೆಚ್ಚು ಸರಕು ವಾಹನ ಇರಲಿಲ್ಲ ಅಂತ ಪ್ಯಾನ್ ಸಮೇತ ಬರೆದುಕೊಟ್ಟ ಟ್ರಾನ್ಸ್‌ಪೋರ್ಟಿನವರಿಗೆ ಕಡಿತ ಬೇಕಿಲ್ಲ. ಆ ಪತ್ರ ಇಲ್ಲದಿದ್ದರೆ, ಒಬ್ಬರೇ ಮಾಲೀಕರಾದವರಿಗೆ ಶೇ. 1ರಂತೆ 3,348. ಇದನ್ನು ಅವರ ಸ್ವಂತ ಖಾತೆಗೆ ಡೆಬಿಟ್ ಮಾಡಿ, ಟಿಡಿಎಸ್ ಬಾಕಿಗೆ ಕ್ರೆಡಿಟ್ ಮಾಡಿ, ಏಪ್ರಿಲ್ 30ರೊಳಗೆ ಕಟ್ಟುತ್ತೇನೆ. 1ನೇ ತಾರೀಖಿನ ತಿರುಗು ಎಂಟ್ರಿ ಇದನ್ನು ಮುಟ್ಟಬಾರದು. ಬಿಲ್ಲು ಬಂದಾಗ ಹೆಚ್ಚಾದ ಮೊತ್ತದ ಮೇಲೆ ಮಾತ್ರ ಮತ್ತೆ ಕಡಿತ.

ಏಪ್ರಿಲ್ ಎರಡನೇ ವಾರ ಬಂದ ಬಿಲ್ಲು 3,37,800. ವ್ಯತ್ಯಾಸ 3,000. ಬಿಲ್ಟಿವಾರು ಹಚ್ಚಿ ನೋಡಿದರೆ ಎಲ್ಲಾ ಬಾಡಿಗೆ ಸರಿಯಿದೆ, ಹೆಚ್ಚಾದದ್ದು 31ರ ಸಂಜೆ ಹೊರಟ ಲಾರಿಯ ಹಾಲ್ಟಿಂಗ್. ಅದು ಏಪ್ರಿಲ್ 2ಕ್ಕೆ ಮುಟ್ಟಿ 5ರವರೆಗೆ ನಿಂತಿದೆ. ನಿಂತದ್ದು ಏಪ್ರಿಲಿನಲ್ಲಿ, ಹಾಗಾಗಿ 3,000 ಏಪ್ರಿಲಿನ ಖರ್ಚು. ಮಾರ್ಚ್ ಲೆಕ್ಕವನ್ನು ಅದಕ್ಕಾಗಿ ಮುಟ್ಟುವುದಿಲ್ಲ. ಅದೇ ವ್ಯತ್ಯಾಸ ದರದ್ದಾಗಿದ್ದರೆ, ಅಂದರೆ 16ರಿಂದಲೇ ಟನ್ನಿಗೆ 50 ರೂಪಾಯಿ ಹೆಚ್ಚಾಗಿತ್ತು, ಆ ಚೀಟಿ ನಮ್ಮ ಟೇಬಲ್ಲಿಗೆ ಬಂದಿರಲಿಲ್ಲ ಅಂದರೆ, 158 ಟನ್ನಿಗೆ 7,900 ಮಾರ್ಚಿಗೇ ಸೇರಿದ್ದು. ಬ್ಯಾಲೆನ್ಸ್ ಶೀಟಿಗೆ ಇನ್ನೂ ಸಹಿ ಬಿದ್ದಿಲ್ಲವಾದರೆ 31ರ ಪ್ರಾವಿಷನ್ನನ್ನೂ 1ರ ತಿರುಗು ಎಂಟ್ರಿಯನ್ನೂ 3,42,700ಕ್ಕೆ ಏರಿಸುತ್ತೇನೆ. ಒಂದನ್ನು ಏರಿಸಿ ಇನ್ನೊಂದನ್ನು ಬಿಟ್ಟರೆ ಪ್ರಾವಿಷನ್ ಖಾತೆಯಲ್ಲಿ 7,900 ನಿಂತುಬಿಡುತ್ತದೆ.