ಆರ್ಡರ್ ಬಿಲ್ಲನ್ನು ಕೆಳಗಿನಿಂದ ಮೇಲಕ್ಕೆ ಲೆಕ್ಕ ಹಾಕಿ

ಆನ್‌ಲೈನ್ ದಿನಸಿ ಆರ್ಡರಿನ ಚೆಕ್‌ಔಟ್ ಸ್ಕ್ರೀನ್‌ಶಾಟಿನಲ್ಲಿರುವ ಬಿಲ್ಲು ಸರಿಯಿದೆಯಾ ನೋಡಬೇಕಾದರೆ ಕೊನೆಯ ಮೊತ್ತದಿಂದ ಶುರು ಮಾಡಿ: ಅದರಲ್ಲಿ ಡೆಲಿವರಿ ಶುಲ್ಕ ಕಳೆಯಿರಿ, ಕೂಪನ್ ರಿಯಾಯಿತಿ ಕೂಡಿಸಿ. ಬರುವ ಮೊತ್ತ ಸಾಮಾನುಗಳ ಮಾರಾಟ ಬೆಲೆಯ ಒಟ್ಟಿಗೆ ಸಮ ಇರಬೇಕು. ಇಲ್ಲದಿದ್ದರೆ ಆ ವ್ಯತ್ಯಾಸವೇ ನಿಮ್ಮ ಕಣ್ಣಿಗೆ ಬೀಳದ ಸಾಲು. ಉದಾಹರಣೆಗೆ ಅಕ್ಕಿ 420, ಎಣ್ಣೆ ಎರಡು ಪ್ಯಾಕೆಟ್ 330, ತೊಗರಿಬೇಳೆ 150, ಒಟ್ಟು 900 ರೂಪಾಯಿ. ಕೂಪನ್ 75, ಡೆಲಿವರಿ 25, ಕಟ್ಟಬೇಕಾದ್ದು 862. ಈಗ 862ರಲ್ಲಿ 25 ಕಳೆದು 75 ಕೂಡಿಸಿದರೆ 912. ಹೆಚ್ಚಾದ 12 ರೂಪಾಯಿ ಎಲ್ಲಿಂದ ಬಂತು? ಆ್ಯಪ್‌ನಲ್ಲಿ ಬಿಲ್ ವಿವರದ ಬಾಣದ ಗುರುತು ಒತ್ತಿ ನೋಡಿ, ಹ್ಯಾಂಡ್ಲಿಂಗ್ ಶುಲ್ಕವೋ, ಮೊದಲೇ ಟಿಕ್ ಆಗಿರುವ ಟಿಪ್ಪೋ ದೇಣಿಗೆಯೋ ಸಿಗುತ್ತದೆ. ಹತ್ತು ಪರ್ಸೆಂಟ್ ಕೂಪನ್ನಿಗೆ 90 ಬರಬೇಕಿತ್ತಲ್ಲ ಅನ್ನಿಸಿದರೆ ಅದರ ಷರತ್ತು ಓದಿ, 'ಗರಿಷ್ಠ 75' ಎಂದಿರುತ್ತದೆ. ಅಡ್ಡಗೆರೆ ಎಳೆದ ಎಂಆರ್‌ಪಿಯನ್ನು ಲೆಕ್ಕಕ್ಕೆ ತಗೋಬೇಡಿ, ಆ ರಿಯಾಯಿತಿ ಮಾರಾಟ ಬೆಲೆಯಲ್ಲಿ ಆಗಲೇ ಸೇರಿದೆ. 'ನೀವು ಉಳಿಸಿದ್ದು' ಅನ್ನುವ ಹಸಿರು ಅಂಕಿಯಂತೂ ಬರೀ ಜಾಹೀರಾತು. ಎರಡು ಪ್ಯಾಕೆಟ್ ಇದ್ದಾಗ ತೋರಿಸಿದ ಬೆಲೆ ಒಂದಕ್ಕೋ ಎರಡಕ್ಕೂ ಸೇರಿಯೋ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಕ್ಯಾಶ್‌ಬ್ಯಾಕ್ ಕೂಪನ್ ಇದ್ದರೆ ಈ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಆ ಹಣ ಈಗ ಕಡಿತವಾಗದೆ ಆಮೇಲೆ ವ್ಯಾಲೆಟ್ಟಿಗೆ ಬರುತ್ತದೆ. ವ್ಯಾಲೆಟ್ ಹಣ ಬಳಸಿದ್ದರೆ ಅದನ್ನೂ ಕೂಪನ್ನಿನಂತೆ ಕೂಡಿಸಿ. ಒಂದು ರೂಪಾಯಿಯೊಳಗಿನ ವ್ಯತ್ಯಾಸ ಪೈಸೆ ರೌಂಡ್ ಮಾಡಿದ್ದರಿಂದ ಬಂದಿರುತ್ತದೆ, ಬಿಟ್ಟುಬಿಡಿ.