ಪಾಲಕ್ಕ ಮಾಲೆಯ ರೀಲ್‌ಗೆ ನಾನು ಬರೆದ ಒಕ್ಕಣೆ

ಕಾಸರಗೋಡಿನ ಒಂದು ಚಿನ್ನದಂಗಡಿಗೆ ನಾನು ರೀಲ್ ತಯಾರಿಸಿ, ಅದರ ಕೆಳಗಿನ ಕ್ಯಾಪ್ಶನ್ ಬರೆದುಕೊಡುತ್ತೇನೆ. ಅದಕ್ಕೆ ಮೊದಲು ಅದೇ ಅಂಗಡಿಯ ಕೌಂಟರಿನಲ್ಲಿ ನಿಂತು ಆಭರಣ ಮಾರುತ್ತಿದ್ದೆ. ಕ್ಯಾಪ್ಶನ್ ಬರೆಯುವಾಗ ಇಂದಿಗೂ ನನಗೆ ದಾರಿ ತೋರಿಸುವುದು ಆ ಕೌಂಟರೇ. ಬದಿಯಡ್ಕದಿಂದಲೋ ಕುಂಬಳೆಯಿಂದಲೋ ಬಂದವರು ಮಾಲೆಯನ್ನು ಕೈಗೆತ್ತಿಕೊಂಡು ಕೇಳುವ ಮೊದಲ ಪ್ರಶ್ನೆ ತೂಕದ್ದು, "ಎಷ್ಟು ಪವನ್?" ಎಂದು, ಎರಡನೆಯದು "ಮಜೂರಿ ಎಷ್ಟು?" ಎಂದು. ಒಟ್ಟು ಎಷ್ಟಾಗುತ್ತದೆ ಎಂಬುದನ್ನು ಕೊನೆಗೆ ಕೇಳುತ್ತಾರೆ, ಏಕೆಂದರೆ ಅದು ಅಂದಿನ ದರದ ಮೇಲೆ ನಿಂತಿದೆ ಎಂದು ಅವರಿಗೆ ಗೊತ್ತು.

ಕಳೆದ ಓಣಂಗೆ ಮುಂಚೆ ಹಸಿರು ಕಲ್ಲಿನ ಪಾಲಕ್ಕ ಮಾಲೆಗಳ ಸಂಗ್ರಹಕ್ಕೆ ರೀಲ್ ಮಾಡಬೇಕಾಯಿತು. ಮಾಲೀಕರ ಬೇಡಿಕೆ ಸರಳವಾಗಿತ್ತು. ಮಜೂರಿಯಲ್ಲಿ ಅರ್ಧ ರಿಯಾಯಿತಿ ಇದೆ, ಅದನ್ನು ದೊಡ್ಡ ಅಕ್ಷರದಲ್ಲಿ ವಿಡಿಯೊದ ಮೇಲೇ ಹಾಕಬೇಕು ಎಂದರು. ನಾನು ಒಪ್ಪಲಿಲ್ಲ. "ಅಣ್ಣ, ವಿಡಿಯೊದ ಮೇಲೆ ಬರೆದದ್ದನ್ನು ರೀಲ್ ಹೋದ ಮೇಲೆ ತಿದ್ದಲಾಗುವುದಿಲ್ಲ. ಕ್ಯಾಪ್ಶನ್ ಅನ್ನು ಯಾವಾಗ ಬೇಕಾದರೂ ತಿದ್ದಬಹುದು" ಎಂದೆ. ರೀಲ್ ಒಂದು ವಾರಕ್ಕೆ ಮುಗಿಯುವ ಕರಪತ್ರವಲ್ಲ. ಓಣಂ ಕಳೆದು ತಿಂಗಳಾದ ಮೇಲೂ ಯಾರದೋ ಮೊಬೈಲಿನಲ್ಲಿ ಅದು ಓಡುತ್ತಿರುತ್ತದೆ. ಆಗ ತೆರೆಯ ಮೇಲೆ 50% ಎಂದು ಹೊಳೆಯುತ್ತಿದ್ದರೆ, ಅದನ್ನು ನಂಬಿ ಬಂದವರಿಗೆ ಕೌಂಟರಿನ ಹುಡುಗಿ ಏನು ಹೇಳಬೇಕು? ಹೀಗಾಗಿ ವಿಡಿಯೊದಲ್ಲಿ ಮಾಲೆ ಮಾತ್ರ ಇರುತ್ತದೆ, ತೂಕ ಮತ್ತು ಹಣದ ಮಾತು ಕ್ಯಾಪ್ಶನ್‌ನಲ್ಲಿ ಇರುತ್ತದೆ ಎಂದು ತೀರ್ಮಾನಿಸಿದೆವು.

ಬರೆಯುವ ಮೊದಲು ಆ ಅರ್ಧ ರಿಯಾಯಿತಿಯ ಲೆಕ್ಕ ಹಾಕಿದೆ. ಇದನ್ನು ನಾನು ಪ್ರತಿಸಲವೂ ಮಾಡುತ್ತೇನೆ. ವಿಡಿಯೊದಲ್ಲಿದ್ದ ಮಾಲೆಯ ನಿವ್ವಳ ಚಿನ್ನ 16 ಗ್ರಾಂ, ಅಂದರೆ ಎರಡು ಪವನ್. ಲೆಕ್ಕದ ಅನುಕೂಲಕ್ಕೆ ದರವನ್ನು ಗ್ರಾಂಗೆ 10,000 ರೂಪಾಯಿ ಎಂದು ಇಟ್ಟುಕೊಂಡೆ. ಚಿನ್ನಕ್ಕೆ 1,60,000. ಅದರ ಮೇಲೆ 12% ಮಜೂರಿ 19,200. ಕಲ್ಲಿಗೆ 3,000. ಒಟ್ಟು ಮೊತ್ತಕ್ಕೆ 3% ಜಿಎಸ್‌ಟಿ ಸೇರಿದರೆ ಬಿಲ್ 1,87,666 ರೂಪಾಯಿ. ಮಜೂರಿ ಅರ್ಧವಾದರೆ ಅದೇ ಬಿಲ್ 1,77,778. ಉಳಿತಾಯ ಸುಮಾರು 9,900 ರೂಪಾಯಿ, ಬಿಲ್ಲಿನ 5%ಗಿಂತ ಸ್ವಲ್ಪ ಹೆಚ್ಚು.

ಹತ್ತು ಸಾವಿರದ ಹತ್ತಿರದ ಉಳಿತಾಯ ಮದುವೆ ಮನೆಯವರಿಗೆ ಸಣ್ಣದಲ್ಲ. ಆದರೆ "50% ರಿಯಾಯಿತಿ" ಎಂಬ ಸಾಲನ್ನು ಓದಿದವರ ಮನಸ್ಸಿನಲ್ಲಿ ಮೂಡುವ ಮೊತ್ತ ಬೇರೆಯೇ. ನಾನು ಕೌಂಟರಿನಲ್ಲಿದ್ದಾಗ ಒಬ್ಬ ಹಿರಿಯ ಮಹಿಳೆ ಬೇರೊಂದು ಅಂಗಡಿಯ ಜಾಹೀರಾತನ್ನು ಮೊಬೈಲಿನಲ್ಲಿ ತೋರಿಸಿ, "ಅಲ್ಲಿ ಅರ್ಧ ಬೆಲೆಗೆ ಕೊಡುತ್ತಾರಂತೆ, ನೀವು ಎಷ್ಟಕ್ಕೆ ಕೊಡುತ್ತೀರಿ ಮಗಳೇ?" ಎಂದು ಕೇಳಿದ್ದರು. ಅದರಲ್ಲಿದ್ದದ್ದು ಮಜೂರಿಯ ಅರ್ಧ, ಆ ಪದ ಮಾತ್ರ ಕಾಣದಷ್ಟು ಚಿಕ್ಕದಾಗಿತ್ತು. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಸರಕಾರದ 2022ರ ಮಾರ್ಗಸೂಚಿಗಳಿವೆ. ಅವು ಇಲ್ಲದಿದ್ದರೂ ನಾನು ಆ ಸಾಲನ್ನು ಬರೆಯುತ್ತಿರಲಿಲ್ಲ. ಶೇಕಡಾವಾರು ಹೇಳುವುದಾದರೆ ಯಾವುದರ ಶೇಕಡಾವಾರು ಎಂಬುದು ಅದೇ ವಾಕ್ಯದಲ್ಲಿ, ಅದೇ ಗಾತ್ರದಲ್ಲಿ ಇರಬೇಕು.

ಇನ್ನು ಸೊಬಗಿನ ಮಾತು. ರೀಲ್ ನೋಡುವಾಗ ಕ್ಯಾಪ್ಶನ್‌ನ ಮೊದಲ ಸಾಲಿನಷ್ಟು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ತೆರೆದುಕೊಳ್ಳುತ್ತದೆ. ಆ ಒಂದು ಸಾಲಿನಲ್ಲಿ "ಮನಮೋಹಕ", "ಅದ್ಭುತ", "ರಾಜವೈಭವ" ಎಂದೆಲ್ಲ ತುಂಬಿದರೆ ಜಾಗ ಹೋಗುತ್ತದೆ, ಮಾಲೆ ಕಣ್ಣಿಗೆ ಬರುವುದಿಲ್ಲ. ಆ ಪದಗಳು ಬಳೆಗೂ ಸಲ್ಲುತ್ತವೆ, ಜುಮುಕಿಗೂ ಸಲ್ಲುತ್ತವೆ. ನಾನು ಮಾಲೆಯನ್ನು ಕೈಯಲ್ಲಿ ಹಿಡಿದು, ಇದರಲ್ಲಿ ಮಾತ್ರ ಇರುವುದು ಏನು ಎಂದು ನೋಡುತ್ತೇನೆ. ಪಾಲಕ್ಕದಲ್ಲಿ ಅದು ಸಾಲಾಗಿ ಇಳಿಬಿದ್ದ ಹಸಿರು ಕಲ್ಲು. ಆಭರಣದ ಹೆಸರು, ಕಣ್ಣಿಗೆ ಕಾಣುವ ಒಂದು ವಿವರ, ಒಂದೇ ಒಂದು ಅಂಕಿ, ಇಷ್ಟು ಮೊದಲ ಸಾಲಿಗೆ ಸಾಕು. ಆ ಅಂಕಿ ತೂಕದ್ದಾಗಿರಬೇಕು. ಹಣದ ಅಂಕಿ ನಾಳೆ ಬೆಳಗ್ಗೆ ದರ ಏರಿದೊಡನೆ ಸುಳ್ಳಾಗುತ್ತದೆ, ತೂಕ ಹಾಗೆ ಬದಲಾಗುವುದಿಲ್ಲ. ಪವನ್ ಎಂದರೆ ನಮ್ಮೂರಿನ ಕನ್ನಡ, ತುಳು, ಮಲಯಾಳ ಮಾತಾಡುವ ಎಲ್ಲರಿಗೂ ತಿಳಿಯುತ್ತದೆ.

ಕೊನೆಗೆ ನಾವು ಹಾಕಿದ್ದು ಹೀಗಿತ್ತು:

"ಎರಡು ಪವನ್‌ನ ಪಾಲಕ್ಕ ಮಾಲೆ, ಎಲೆಯಂತೆ ಇಳಿದ ಹಸಿರು ಕಲ್ಲು.

ಕೆಂಪು ರೇಷ್ಮೆಗೂ ಕಸವು ಸೀರೆಗೂ ಒಪ್ಪುವ ಹಸಿರು. ಕೊರಳಿಗೆ ಹತ್ತಿರ ಕೂರುತ್ತದೆ, ಕೆಳಗೆ ಒಂದು ಉದ್ದ ಸರಕ್ಕೂ ಜಾಗ ಉಳಿಯುತ್ತದೆ.

ವಿಡಿಯೊದಲ್ಲಿರುವ ಮಾಲೆಯ ನಿವ್ವಳ ಚಿನ್ನ 16 ಗ್ರಾಂ, 22 ಕ್ಯಾರೆಟ್, ಹಾಲ್‌ಮಾರ್ಕ್ ಇದೆ. ಮಜೂರಿ 12%, ಕಲ್ಲಿಗೆ 3,000 ರೂಪಾಯಿ. ಚಿನ್ನದ ದರ ಖರೀದಿಯ ದಿನದ್ದು, ಜಿಎಸ್‌ಟಿ ಬೇರೆ.

ಆಗಸ್ಟ್ 31ರ ವರೆಗೆ ಪಾಲಕ್ಕ ಸಂಗ್ರಹಕ್ಕೆ ಮಜೂರಿ ಅರ್ಧ. ಈ ಮಾಲೆಗೆ 12%ರ ಬದಲು 6%. ಚಿನ್ನದ ದರ, ಕಲ್ಲಿನ ಬೆಲೆಗೆ ರಿಯಾಯಿತಿ ಇಲ್ಲ."

ಕೊನೆಯ ಪ್ಯಾರಾವನ್ನು ಬೇರೆಯಾಗಿ ನಿಲ್ಲಿಸಿದ್ದು ಉದ್ದೇಶಪೂರ್ವಕ. ಸೆಪ್ಟೆಂಬರ್ 1ರ ಬೆಳಗ್ಗೆ ಅದೊಂದನ್ನು ಅಳಿಸಿದರೆ ಉಳಿದದ್ದು ಪೂರ್ಣ ಕ್ಯಾಪ್ಶನ್ ಆಗಿಯೇ ನಿಲ್ಲುತ್ತದೆ. ಕೊಡುಗೆಯ ಮಾತನ್ನು ಮಾಲೆಯ ವರ್ಣನೆಯೊಳಗೆ ಹೆಣೆದರೆ ಹೀಗೆ ಬಿಡಿಸಲಾಗುವುದಿಲ್ಲ. ಓದುವಾಗಲೂ ಅಂದಗೆಡುತ್ತದೆ, ಹಸಿರು ಕಲ್ಲನ್ನು ನೋಡುತ್ತಿದ್ದವರನ್ನು ಥಟ್ಟನೆ ರಿಯಾಯಿತಿಗೆ ಎಳೆದಂತೆ. ಅಂದಿನ ದರವನ್ನು ನಾನು ಕ್ಯಾಪ್ಶನ್‌ಗೆ ಸೇರಿಸುವುದಿಲ್ಲ. ಅಂಗಡಿಯ ಖಾತೆಯಿಂದ ಒಂದು ಕಾಮೆಂಟಾಗಿ ಹಾಕಿ ಮೇಲೆ ಪಿನ್ ಮಾಡುತ್ತೇನೆ, ದರ ಬದಲಾದಾಗ ಅದನ್ನು ತೆಗೆದು ಹೊಸದನ್ನು ಹಾಕುತ್ತೇನೆ.

ನಿವ್ವಳ ಎಂಬ ಪದವನ್ನು ಬಿಡಬೇಡಿ ಎಂದು ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಒತ್ತಿ ಹೇಳುತ್ತೇನೆ. ಪಾಲಕ್ಕದಂತಹ ಕಲ್ಲಿನ ಆಭರಣವನ್ನು ತಕ್ಕಡಿಗೆ ಇಟ್ಟಾಗ ಬರುವುದು ಕಲ್ಲೂ ಸೇರಿದ ತೂಕ. ಅದನ್ನೇ ಬರೆದುಬಿಟ್ಟರೆ ಗಿರಾಕಿ ಮನೆಯಲ್ಲಿ ಹಾಕಿದ ಲೆಕ್ಕವೂ ಅಂಗಡಿಯ ಬಿಲ್ಲೂ ಕೂಡಿಬರುವುದಿಲ್ಲ.

ಕ್ಯಾಪ್ಶನ್ ಸರಿಯಾಗಿದೆಯೇ ಎಂದು ತಿಳಿಯಲು ನಾನು ಲೈಕುಗಳನ್ನು ನೋಡುವುದಿಲ್ಲ. ಜನ ಏನು ಕೇಳುತ್ತಾರೆ ಎಂಬುದನ್ನು ನೋಡುತ್ತೇನೆ. "ಎಷ್ಟು ಪವನ್?" ಎಂದು ಮತ್ತೆಮತ್ತೆ ಬಂದರೆ ತೂಕ ಮೊದಲ ಸಾಲಿನಿಂದ ಹಿಂದೆ ಸರಿದಿದೆ ಎಂದರ್ಥ. ಈ ರೀಲ್‌ಗೆ ಬಂದ ಪ್ರಶ್ನೆಗಳು "ಒಂದೂವರೆ ಪವನ್‌ನಲ್ಲಿ ಇದೆಯೇ?", "ಇದಕ್ಕೆ ಹೊಂದುವ ಕಿವಿಯೋಲೆ ಸಿಗುತ್ತದೆಯೇ?" ಎಂಬಂಥವು. ಇವು ಕೊಳ್ಳಲು ಹೊರಟವರ ಪ್ರಶ್ನೆಗಳು. "ಬೆಲೆಗೆ ಸಂದೇಶ ಕಳುಹಿಸಿ" ಎಂದು ಬರೆಯುವ ವಾಡಿಕೆ ಹಲವು ಅಂಗಡಿಗಳಲ್ಲಿದೆ. ನನಗೆ ಅದು ಹಿಡಿಸುವುದಿಲ್ಲ. ಮಜೂರಿ ತಿಳಿಯಲು ಅಪರಿಚಿತರಿಗೆ ಸಂದೇಶ ಕಳುಹಿಸಬೇಕೆಂದರೆ ನಮ್ಮ ಕಡೆಯ ಎಷ್ಟೋ ಹೆಂಗಸರು ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಈ ಕ್ರಮ ಎಲ್ಲಕ್ಕೂ ಹೊಂದುವುದಿಲ್ಲ. ಚೀಟಿಯಲ್ಲಿ ನಿಗದಿತ ಬೆಲೆ ಇರುವ ಬೆಳ್ಳಿಯ ಕಿವಿಯೋಲೆ, ಕಾಲುಂಗುರಗಳಿಗೆ ತೂಕವನ್ನು ಯಾರೂ ಕೇಳುವುದಿಲ್ಲ. ಅಲ್ಲಿ ನಾನು ತೆರಿಗೆಯೂ ಸೇರಿದ ಪೂರ್ತಿ ಬೆಲೆಯನ್ನು ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಸಂಗ್ರಹದಲ್ಲಿ ಬೇರೆ ಬೇರೆ ಬೆಲೆಯವು ಇದ್ದರೆ ಅತಿ ಕಡಿಮೆಯದನ್ನು ಆರಿಸಿ "ಇಂತಿಷ್ಟರಿಂದ" ಎಂದು ಬರೆಯುವುದಿಲ್ಲ, ತೆರೆಯ ಮೇಲೆ ಮೊದಲು ಕಾಣುವ ಜೋಡಿಯ ಬೆಲೆಯನ್ನೇ ಬರೆಯುತ್ತೇನೆ.