ತೂತಿನ ಅಂಚಿನಲ್ಲಿ ಸಿಕ್ಕ ಗಾಜಿನ ಮಣಿಗಳು: ನನ್ನ ಅನುಭವ

ನಗರ್ತಪೇಟೆಯಲ್ಲಿ ಹಳೆಯ ಮುತ್ತಿನ ಸರಗಳನ್ನು ಬಿಚ್ಚಿ ಹೊಸ ದಾರಕ್ಕೆ ಪೋಣಿಸಿಕೊಡುವುದು ನನ್ನ ಕೆಲಸ. ಈಗೀಗ ಸರ ಅಂಗಡಿಗೆ ಬರುವ ಮೊದಲೇ ಅದರ ಫೋಟೋ ಮೊಬೈಲಿಗೆ ಬರುತ್ತದೆ, ಜೊತೆಯಲ್ಲೇ 'ಇದು ಅಸಲಿಯೇ?' ಎಂಬ ಪ್ರಶ್ನೆಯೂ ಬರುತ್ತದೆ. ಬಸವನಗುಡಿಯ ಹಿರಿಯರೊಬ್ಬರು ಕಳುಹಿಸಿದ ಎರಡೆಳೆ ಸರದ ವಿಷಯದಲ್ಲಿ ಆ ಪ್ರಶ್ನೆಗೆ ನಾನು ಹೇಗೆ ಉತ್ತರ ಹುಡುಕಿದೆ ಮತ್ತು ಎಲ್ಲಿ ತಪ್ಪಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. "ನಮ್ಮತ್ತೆಯವರದು, ಬಸ್ರಾ ಮುತ್ತು ಅಂತಲೇ ಹೇಳ್ತಿದ್ರು" ಎಂದು ಅವರು ಫೋನಿನಲ್ಲಿ ಹೇಳಿದರು. ಪರ್ಷಿಯಾ ಕೊಲ್ಲಿಯ ನೈಸರ್ಗಿಕ ಮುತ್ತುಗಳಿಗೆ ನಮ್ಮಲ್ಲಿ ಬಸ್ರಾ ಎಂಬ ಹೆಸರು ನಿಂತುಬಿಟ್ಟಿದೆ. ಆದರೆ ಮನೆಮನೆಯಲ್ಲಿ ಬಾಯಿಂದ ಬಾಯಿಗೆ ಬರುವ ಆ ಹೆಸರು ಎಷ್ಟೋ ಸಲ ಗಾಜಿನ ಮಣಿಗೂ ಅಂಟಿಕೊಂಡಿರುತ್ತದೆ.

ಮೊದಲು ಬಂದ ಫೋಟೋಗಳಿಂದ ಏನೂ ತಿಳಿಯಲಿಲ್ಲ. ಕೆಂಪು ಮಖಮಲ್ಲಿನ ಮೇಲೆ ಫ್ಲ್ಯಾಶ್ ಹಾಕಿ ತೆಗೆದಿದ್ದರಿಂದ ಪ್ರತಿ ಮಣಿಯ ನೆತ್ತಿಯಲ್ಲೂ ಒಂದು ಬಿಳಿ ಚುಕ್ಕೆ, ಅಡಿಯಲ್ಲಿ ಕೆಂಪು ನೆರಳು; ಅಂಥ ಬೆಳಕಿನಲ್ಲಿ ಮುತ್ತೂ ಪ್ಲಾಸ್ಟಿಕ್ಕೂ ಒಂದೇ ರೀತಿ ಕಾಣುತ್ತವೆ. ಹೊಳಪಿಲ್ಲದ ಬೂದು ಬಟ್ಟೆಯ ಮೇಲೆ ಸರವನ್ನು ಹರಡಿ, ತೆಳು ಪರದೆಯಿರುವ ಕಿಟಕಿಯ ಪಕ್ಕದಲ್ಲಿ ಬೆಳಿಗ್ಗೆಯ ಬೆಳಕಿಗೆ ತೆಗೆಯಿರಿ ಎಂದು ಕೇಳಿಕೊಂಡೆ. ದಾರ ಹಳೆಯದಾಗಿ ಸಡಿಲವಾಗಿದ್ದರಿಂದ ಎರಡು ಮಣಿಗಳನ್ನು ಮೆಲ್ಲಗೆ ಸರಿಸಿ, ನಡುವಿನ ಸಂದಿಯಲ್ಲಿ ತೂತಿನ ಬಾಯಿ ಕಾಣುವಂತೆ ಹತ್ತಿರದಿಂದ ತೆಗೆಯಬೇಕು, ತೂತಿರುವಷ್ಟೇ ಎತ್ತರಕ್ಕೆ ಒಂದು ಉಕ್ಕಿನ ಸ್ಕೇಲನ್ನೂ ಇಡಬೇಕು ಎಂದೆ. ವಾಟ್ಸ್‌ಆ್ಯಪಿನಲ್ಲಿ ಫೋಟೋವಾಗಿ ಕಳುಹಿಸಿದರೆ ಸೂಕ್ಷ್ಮ ವಿವರ ಅಳಿಸಿಹೋಗುವುದರಿಂದ ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿದೆ. ಅವರ ಮೊಮ್ಮಗಳು ಎರಡು ದಿನ ಕೂತು 118 ಮಣಿಗಳ ಫೋಟೋವನ್ನೂ ತೆಗೆದು ಕಳುಹಿಸಿದಳು. ಅಷ್ಟು ತಾಳ್ಮೆ ನನಗೂ ಇರುತ್ತಿರಲಿಲ್ಲ.

ತೂತನ್ನೇ ಮೊದಲು ನೋಡುವುದಕ್ಕೆ ಕಾರಣವಿದೆ. ನೈಸರ್ಗಿಕ ಮುತ್ತು ತೂಕಕ್ಕೆ ಮಾರಾಟವಾಗುತ್ತಿತ್ತು. ಅದರಲ್ಲೂ ಬೆಲೆ ತೂಕದ ವರ್ಗಕ್ಕೆ ಅನುಗುಣವಾಗಿ ಏರುತ್ತಿತ್ತು, ಅಂದರೆ ತೂಕ ಎರಡರಷ್ಟಾದರೆ ಬೆಲೆ ನಾಲ್ಕರಷ್ಟು. ಹಾಗಾಗಿ ಕಮಾನು ಬೈರಿಗೆ ಹಿಡಿದ ಕೆಲಸಗಾರ ಒಂದು ಚೂರು ಪುಡಿಯೂ ಹೆಚ್ಚು ಉದುರದಂತೆ, ಎರಡೂ ಕಡೆಯಿಂದ ಅತಿ ಸಣ್ಣ ತೂತು ಕೊರೆಯುತ್ತಿದ್ದ. ಸಾಮಾನ್ಯವಾಗಿ ಅದು 0.3ರಿಂದ 0.4 ಮಿಲಿಮೀಟರ್ ಇರುತ್ತದೆ. ಅಗ್ಗದ ನಕಲಿ ಮಣಿಯಲ್ಲಿ ಅಂಥ ಜಿಪುಣತನಕ್ಕೆ ಕಾರಣವೇ ಇಲ್ಲ, ಸುಲಭವಾಗಿ ದಾರ ಹೋದರೆ ಸಾಕು. ಅಳೆಯುವುದು ಕಷ್ಟವಲ್ಲ. ಫೋಟೋದಲ್ಲಿ ಸ್ಕೇಲಿನ ಒಂದು ಮಿಲಿಮೀಟರಿಗೆ 212 ಪಿಕ್ಸೆಲ್ ಬಂತು. ಒಂದು ಮಣಿಯ ತೂತು 79 ಪಿಕ್ಸೆಲ್, ಅಂದರೆ ಸುಮಾರು 0.37 ಮಿಲಿಮೀಟರ್. ಅದರ ಪಕ್ಕದ ಮಣಿಯಲ್ಲಿ 233 ಪಿಕ್ಸೆಲ್, ಅಂದರೆ 1.1 ಮಿಲಿಮೀಟರ್. ಓರೆಯಾಗಿ ತೆಗೆದಾಗ ದುಂಡು ತೂತು ಮೊಟ್ಟೆಯಾಕಾರವಾಗಿ ಕಾಣುತ್ತದೆ. ಆಗ ಅದರ ಉದ್ದನೆಯ ಅಳತೆಯೇ ನಿಜವಾದ ವ್ಯಾಸ. ವರ್ಷಗಟ್ಟಲೆ ದಾರ ಉಜ್ಜಿ ಬಾಯಿ ಅಗಲವಾಗಿದ್ದರೆ ಹೊರಗಿನ ಅಂಚನ್ನು ಬಿಟ್ಟು ಒಳಗಿನ ಕಪ್ಪು ವೃತ್ತವನ್ನು ಅಳೆಯಬೇಕು.

ಆದರೂ ಅಳತೆಯೊಂದನ್ನೇ ನಾನು ನಂಬುವುದಿಲ್ಲ, ಏಕೆಂದರೆ ದಪ್ಪ ದಾರಕ್ಕಾಗಿ ಅಸಲಿ ಮುತ್ತಿನ ತೂತನ್ನೂ ಹಿಗ್ಗಿಸಿರುತ್ತಾರೆ. ಅದಕ್ಕಿಂತ ಹೆಚ್ಚು ಹೇಳುವುದು ತೂತಿನ ಅಂಚು. ನಕಲಿ ಮಣಿಯೆಂದರೆ ಗಾಜು ಅಥವಾ ಪ್ಲಾಸ್ಟಿಕ್ಕಿನ ಮೇಲೆ ಬಳಿದ ಹೊಳೆಯುವ ಲೇಪ. ತೂತಿನ ಬಾಯಲ್ಲಿ ಆ ಲೇಪ ಹನಿಯಂತೆ ಉಬ್ಬಿ ನಿಂತಿರುತ್ತದೆ ಅಥವಾ ದಾರದ ಉಜ್ಜಾಟಕ್ಕೆ ಸಿಪ್ಪೆ ಎದ್ದಿರುತ್ತದೆ, ಎದ್ದ ಕಡೆ ಬರಿಯ ಗಾಜು ಮಿನುಗುತ್ತದೆ. 1.1 ಮಿಲಿಮೀಟರಿನ ಆ ಮಣಿಯ ಬಾಯಿ ಹಾಗೆಯೇ ಇತ್ತು: ಕೆನೆಬಣ್ಣದ ತೆಳು ಸಿಪ್ಪೆ, ಅದರಡಿಯಲ್ಲಿ ನೀರಿನಂಥ ಗಾಜು.

ಹೊಳಪಿನ ವಿಷಯಕ್ಕೆ ಬಂದರೆ, ಕಿಟಕಿಯ ಪ್ರತಿಬಿಂಬ ಪ್ರತಿ ಮಣಿಯ ಮೇಲೆ ಹೇಗೆ ಬಿದ್ದಿದೆ ಎಂದು ಸಾಲಾಗಿ ನೋಡುತ್ತಾ ಹೋದೆ. ಹೆಚ್ಚಿನ ಮಣಿಗಳಲ್ಲಿ ಅದು ಒಂದರಲ್ಲಿ ಸ್ಪಷ್ಟವಾಗಿ, ಇನ್ನೊಂದರಲ್ಲಿ ಮಸುಕಾಗಿ, ಮತ್ತೊಂದರಲ್ಲಿ ಚಪ್ಪಟೆ ಬದಿಯಿಂದಾಗಿ ಸೊಟ್ಟಗೆ ಬಿದ್ದಿತ್ತು. ಬಣ್ಣವೂ ಕೆನೆಯಿಂದ ತಿಳಿಗುಲಾಬಿಯವರೆಗೆ ತುಸು ತುಸು ಬದಲಾಗುತ್ತಿತ್ತು. ಗಾತ್ರ 3.1ರಿಂದ 4.4 ಮಿಲಿಮೀಟರಿನವರೆಗೆ ಏರಿಳಿಯುತ್ತಿತ್ತು. ಇವುಗಳ ನಡುವೆ ಅಲ್ಲಲ್ಲಿ ಕೆಲವು ಮಣಿಗಳು ಅಚ್ಚಿನಲ್ಲಿ ತೆಗೆದಂತೆ ಒಂದೇ 4 ಮಿಲಿಮೀಟರ್, ಒಂದೇ ಬಣ್ಣ, ಕಿಟಕಿಯ ಒಂದೇ ಚೌಕ. ಹಿಂದೆ ಯಾವಾಗಲೋ ದಾರ ಹರಿದು ಮುತ್ತು ಕಳೆದುಹೋದಾಗ ಪೋಣಿಸಿದವರು ಗಾಜಿನ ಮಣಿ ತುಂಬಿದ್ದಾರೆ ಎಂಬುದು ಆಗ ಹೊಳೆಯಿತು. ಸರವಿಡೀ ಅಸಲಿಯೋ ನಕಲಿಯೋ ಎಂದು ಕೇಳುವ ಬದಲು ಮಣಿ ಮಣಿಗೂ ಬೇರೆ ಉತ್ತರ ಬರೆಯಬೇಕಾಗಿತ್ತು. ಒಂದು ಮಾತು ಇಲ್ಲಿ ಸೇರಿಸಬೇಕು: ಸೊಟ್ಟ ಆಕಾರ ಅಸಲಿತನಕ್ಕೆ ಸಾಕ್ಷಿಯಲ್ಲ. ಸೊಟ್ಟಗೆ ಅಚ್ಚು ಹಾಕಿದ ನಕಲಿ ಮಣಿಗಳೂ ಇವೆ, ಸಿಹಿನೀರಿನಲ್ಲಿ ಸಾಕಿದ ಅಗ್ಗದ ಮುತ್ತುಗಳೂ ಸೊಟ್ಟಗೇ ಇರುತ್ತವೆ.

ಫೋಟೋ ನೋಡಿ 19 ಮಣಿಗಳನ್ನು ನಕಲಿ ಎಂದು ಪಟ್ಟಿ ಮಾಡಿ, ಅದನ್ನು ಅವರಿಗೆ ಹೇಳಿಯೂಬಿಟ್ಟೆ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂಬ ಗಾದೆ ಮುತ್ತಿನ ಕೆಲಸದವನಿಗೇ ಮರೆತುಹೋಗಿತ್ತು. ಸರ ಅಂಗಡಿಗೆ ಬಂದಾಗ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ ನೋಡಿದರೆ, 17 ನಿಜವಾಗಿಯೂ ಗಾಜು; ಲೇಪ ಸಕ್ಕರೆ ಉದುರಿಸಿದಂತೆ ಕಾಳುಕಾಳಾಗಿ ಕಾಣುತ್ತಿತ್ತು. ಉಳಿದ ಎರಡು ಮುತ್ತೇ. ಅವುಗಳ ತೂತಿನ ಬಳಿ ಪದರವೊಂದು ಚಕ್ಕೆಯಾಗಿ ಎದ್ದಿದ್ದು ಫೋಟೋದಲ್ಲಿ ಲೇಪ ಸುಲಿದಂತೆ ಕಂಡಿತ್ತು. ವ್ಯತ್ಯಾಸ ಇಷ್ಟೇ: ಗಾಜಿನ ಮಣಿಯಲ್ಲಿ ಸಿಪ್ಪೆಯ ಕೆಳಗೆ ಬೇರೆಯೇ ವಸ್ತು ಕಾಣುತ್ತದೆ, ಮುತ್ತಿನಲ್ಲಿ ಚಕ್ಕೆಯ ಕೆಳಗೆ ಈರುಳ್ಳಿಯಂತೆ ಮತ್ತೊಂದು ಪದರ, ಅದೇ ಹೊಳಪಿನೊಂದಿಗೆ. ಅಂದಿನಿಂದ ಚಕ್ಕೆ ಎದ್ದ ಮಣಿಯ ಫೋಟೋವನ್ನು ಮೂರು ಕೋನಗಳಿಂದ ಕೇಳುತ್ತೇನೆ.

ಉಳಿದ 101 ಮಣಿಗಳು ಕಡಲಲ್ಲಿ ತಾನಾಗಿ ಬೆಳೆದವೇ, ಸಾಕಿದವೇ ಎಂಬುದನ್ನು ಫೋಟೋವಾಗಲಿ ಲೂಪಾಗಲಿ ತೀರ್ಮಾನಿಸಲಾರದು. ಹಲ್ಲಿಗೆ ಉಜ್ಜಿ ನೋಡುವುದರಿಂದಲೂ ಅದು ತಿಳಿಯದು, ಎರಡೂ ಮರಳಿನಂತೆಯೇ ತರಿತರಿಯಾಗಿರುತ್ತವೆ. ಅದಕ್ಕೆ ಪ್ರಯೋಗಾಲಯದ ಎಕ್ಸ್‌ರೇ ಬೇಕು. ಆದ್ದರಿಂದ ಚೀಟಿಯಲ್ಲಿ 'ಲೇಪದ ಮಣಿಗಳಲ್ಲ. ತೂತು ಸಣ್ಣದಿದೆ, ನೈಸರ್ಗಿಕವಾಗಿರುವ ಸಾಧ್ಯತೆ ಹೆಚ್ಚು. ಎಕ್ಸ್‌ರೇ ಆಗಿಲ್ಲ' ಎಂದು ಮಾತ್ರ ಬರೆದೆ.

ಗಾಜಿನ ಮಣಿಗಳನ್ನು ಬೇರೆ ಕವರಿನಲ್ಲಿ ಹಾಕಿಕೊಟ್ಟೆ. ಚಿನ್ನದ ತಂತಿಯಲ್ಲಿ ಪೋಣಿಸಿಕೊಡಿ ಎಂದು ಅವರು ಕೇಳಿದರು, ಆದರೆ ತಂತಿ ಹೋಗಬೇಕೆಂದರೆ ಆ ಸಣ್ಣ ತೂತುಗಳನ್ನು ಹಿಗ್ಗಿಸಬೇಕಾಗುತ್ತಿತ್ತು. "ಅಮ್ಮಾ, ಈ ತೂತೇ ನಿಮ್ಮ ಅತ್ತೆಯವರ ಮಾತಿಗೆ ಈಗ ಇರೋ ಸಾಕ್ಷಿ" ಎಂದೆ. ಸರವನ್ನು ತೆಳು ರೇಷ್ಮೆ ದಾರದಲ್ಲಿ, ಮಣಿಗೊಂದು ಗಂಟು ಹಾಕಿ ಪೋಣಿಸಿದೆ.